ತುಪ್ಪದ ಕಾಫಿ: ತೂಕದ ಯಂತ್ರ ಹೇಳುವುದೊಂದು, ರಕ್ತಪರೀಕ್ಷೆ ಹೇಳುವುದೊಂದು

ಕಳೆದ ಕೆಲವು ವರ್ಷಗಳಿಂದ ಇಂಗ್ಲೆಂಡಿನ ಕನ್ನಡ ಮನೆಗಳಲ್ಲಿ ಬೆಳಗಿನ ಹೊತ್ತು ಹೊಸದೊಂದು ಸದ್ದು ಕೇಳಿಬರುತ್ತಿದೆ. ಕಪ್ಪು ಕಾಫಿಗೆ ಒಂದೆರಡು ದೊಡ್ಡ ಚಮಚ ತುಪ್ಪ ಅಥವಾ ಬೆಣ್ಣೆ ಹಾಕಿ, ನೊರೆ ಬರುವವರೆಗೆ ಬ್ಲೆಂಡರಿನಲ್ಲಿ ತಿರುಗಿಸುವ ಸದ್ದು ಅದು. ತಿಂಡಿಯ ಬದಲು ಇದನ್ನೇ ಕುಡಿದರೆ ಮಧ್ಯಾಹ್ನದವರೆಗೆ ಹಸಿವಾಗುವುದಿಲ್ಲ, ಉತ್ಸಾಹ ಏರಿಳಿಯದೆ ಒಂದೇ ಸಮನಾಗಿ ನಿಲ್ಲುತ್ತದೆ, ದೇಹದ ಕೊಬ್ಬು ಕರಗುತ್ತದೆ ಎಂಬುದು ಇದರ ಬಗ್ಗೆ ಹರಿದಾಡುವ ಮಾತು. ಬೆಂಗಳೂರಿನಲ್ಲಿಯೂ, ಹುಬ್ಬಳ್ಳಿಯಲ್ಲಿಯೂ ಈ ಅಭ್ಯಾಸ ಹರಡುತ್ತಿದೆ ಎಂದು ಊರಿನಿಂದ ಬರುವ ಬಂಧುಗಳು ಹೇಳುತ್ತಾರೆ. ಕೊಲೆಸ್ಟ್ರಾಲ್ ಸಮಸ್ಯೆಗಾಗಿ ನಮ್ಮಲ್ಲಿಗೆ ಬರುವ ರೋಗಿಗಳ ಆಹಾರದ ವಿವರ ಕೇಳುವಾಗ ಈಗ ನಾನು ತಪ್ಪದೆ ಒಂದು ಪ್ರಶ್ನೆ ಕೇಳುತ್ತೇನೆ: ‘ಕಾಫಿಗೆ ಏನು ಹಾಕಿಕೊಳ್ಳುತ್ತೀರಿ?’

ಈ ಪೇಯ ನಮ್ಮ ನಾಡಿನದಲ್ಲ. ಅಮೆರಿಕದ ಉದ್ಯಮಿ ಡೇವ್ ಆಸ್ಪ್ರೀ ಅವರು 2004ರಲ್ಲಿ ಟಿಬೆಟ್‌ಗೆ ಹೋದಾಗ ಯಾಕ್ ಬೆಣ್ಣೆ ಹಾಕಿದ ಚಹಾ ಕುಡಿದು ಚೇತರಿಸಿಕೊಂಡೆನೆಂದು ಹೇಳಿಕೊಂಡಿದ್ದಾರೆ. ಆ ಚಹಾವನ್ನೇ ಮಾದರಿಯಾಗಿಟ್ಟುಕೊಂಡು ಅವರು ರೂಪಿಸಿದ ಬೆಣ್ಣೆ ಕಾಫಿ ‘ಬುಲೆಟ್‌ಪ್ರೂಫ್ ಕಾಫಿ’ ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು. 2014ರಲ್ಲಿ ಈ ಬಗ್ಗೆ ಅವರ ಪುಸ್ತಕವೂ ಹೊರಬಂತು. ಅದೇ ವರ್ಷ ‘ಟೈಮ್’ ಪತ್ರಿಕೆ ತನ್ನ ಮುಖಪುಟದಲ್ಲಿ ಬೆಣ್ಣೆಯ ಚಿತ್ರ ಹಾಕಿ, ಕೊಬ್ಬಿನ ಮೇಲಿನ ಹಳೆಯ ಆಪಾದನೆಯನ್ನು ಪ್ರಶ್ನಿಸಿತು. ಭಾರತಕ್ಕೆ ಬರುವಾಗ ಬೆಣ್ಣೆಯ ಜಾಗದಲ್ಲಿ ತುಪ್ಪ ಕುಳಿತುಕೊಂಡಿತು. ತುಪ್ಪದ ಬಗ್ಗೆ ನಮಗಿರುವ ಗೌರವದಿಂದಾಗಿ, ವಿದೇಶಿ ಪೇಯವೊಂದು ಅಜ್ಜಿಯ ಕಾಲದ ಔಷಧದಂತೆ ಕಾಣತೊಡಗಿತು.

ಆದರೆ ಟಿಬೆಟ್‌ನ ಚಹಾ ಹುಟ್ಟಿದ ಪರಿಸರವೇ ಬೇರೆ. ನಾಲ್ಕು ಸಾವಿರ ಮೀಟರ್ ಎತ್ತರದ ಚಳಿಯಲ್ಲಿ, ದಿನವಿಡೀ ದನ ಮೇಯಿಸುತ್ತ ಓಡಾಡುವವರಿಗೆ ಕಡಿಮೆ ಪ್ರಮಾಣದಲ್ಲಿ ಹೆಚ್ಚು ಕ್ಯಾಲೊರಿ ಸಿಗಬೇಕಾಗಿತ್ತು. ಅವರು ಅದನ್ನು ಉಪ್ಪು ಬೆರೆಸಿ, ಹುರಿದ ಬಾರ್ಲಿ ಹಿಟ್ಟಿನ ಜೊತೆಗೆ ಸೇವಿಸುತ್ತಿದ್ದರು. ತೂಕ ಇಳಿಸಿಕೊಳ್ಳಲು ಯಾರೂ ಅದನ್ನು ಕುಡಿಯಲಿಲ್ಲ. ನಮ್ಮ ಅಜ್ಜಿಯಂದಿರು ಬಿಸಿ ಅನ್ನದ ಮೇಲೆ ಹಾಕುತ್ತಿದ್ದ ತುಪ್ಪವೂ ಒಂದು ಸಣ್ಣ ಚಮಚ, ಅಂದರೆ ಸುಮಾರು 5 ಗ್ರಾಂ. ಇಂದಿನ ಕಾಫಿಗೆ ಬೀಳುತ್ತಿರುವುದು ಊಟದ ದೊಡ್ಡ ಚಮಚ, ಅಂದರೆ ಸುಮಾರು 14 ಗ್ರಾಂ. ಅದೂ ಒಂದಲ್ಲ, ಎರಡು. ಚಮಚ ಎಂಬ ಒಂದೇ ಪದದೊಳಗೆ ಅಡಗಿರುವ ಈ ವ್ಯತ್ಯಾಸವನ್ನು ಗಮನಿಸದಿದ್ದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಒಂದೇ ಸಮನಾದ ಉತ್ಸಾಹ ಎಲ್ಲಿಂದ ಬರುತ್ತದೆ?

ಮೊದಲನೆಯ ಮಾತನ್ನು ನೋಡೋಣ. ತುಪ್ಪದ ಕಾಫಿ ಕುಡಿದವರಿಗೆ ಹನ್ನೊಂದು ಗಂಟೆಯ ಹೊತ್ತಿಗೆ ಬರುವ ತೂಕಡಿಕೆ ಬರುವುದಿಲ್ಲ ಎನ್ನುತ್ತಾರೆ. ಅವರ ಅನುಭವ ಸುಳ್ಳಲ್ಲ. ಪ್ರಶ್ನೆ ಇರುವುದು ಅದರ ಶ್ರೇಯ ಯಾರಿಗೆ ಸಲ್ಲಬೇಕು ಎಂಬುದರಲ್ಲಿ.

ಎಚ್ಚರವಿರುವಷ್ಟು ಹೊತ್ತು ನಮ್ಮ ಮಿದುಳಿನಲ್ಲಿ ಅಡಿನೊಸಿನ್ ಎಂಬ ವಸ್ತು ಸಂಗ್ರಹವಾಗುತ್ತ ಹೋಗುತ್ತದೆ. ಅದು ಹೆಚ್ಚಿದಂತೆ ನಿದ್ದೆ ಎಳೆಯುತ್ತದೆ. ಕೆಫೀನ್ ಹೋಗಿ ಅದು ಕೂರಬೇಕಾದ ಜಾಗವನ್ನು ಆಕ್ರಮಿಸುತ್ತದೆ, ಆದುದರಿಂದ ಆಯಾಸ ತಿಳಿಯುವುದಿಲ್ಲ. ವಯಸ್ಕರ ದೇಹದಲ್ಲಿ ಕೆಫೀನಿನ ಅರ್ಧ ಭಾಗ ಕರಗಲು ಸರಾಸರಿ ಐದು ಗಂಟೆ ಬೇಕು. ಬೆಳಿಗ್ಗೆ ಎಂಟಕ್ಕೆ ಕುಡಿದ ಕಾಫಿ ಮಧ್ಯಾಹ್ನ ಒಂದರವರೆಗೂ ಕೆಲಸ ಮಾಡುತ್ತಿರುತ್ತದೆ. ಈ ಕೆಲಸಕ್ಕೆ ತುಪ್ಪದ ಅಗತ್ಯವೇ ಇಲ್ಲ.

ಎರಡನೆಯ ಕಾರಣ, ಈ ಕಾಫಿಯಲ್ಲಿ ಸಕ್ಕರೆ ಇಲ್ಲದಿರುವುದು. ಎರಡು ಚಮಚ ಸಕ್ಕರೆಯ ಕಾಫಿ, ಜಾಮ್ ಸವರಿದ ಬ್ರೆಡ್, ಕಾರ್ನ್‌ಫ್ಲೇಕ್ಸ್ ಇಂಥವುಗಳಿಂದ ರಕ್ತದ ಸಕ್ಕರೆ ಬೇಗ ಏರಿ ಬೇಗ ಇಳಿಯುತ್ತದೆ. ಕೆಲವರಿಗೆ ಆ ಇಳಿತದಲ್ಲಿ ಹಸಿವು, ಆಲಸ್ಯ ಕಾಣಿಸಿಕೊಳ್ಳುತ್ತದೆ. ಅದನ್ನು ಬಿಟ್ಟಾಗ ಹಾಯೆನಿಸುವುದು ಸಹಜ. ಇಲ್ಲಿ ಒಳ್ಳೆಯದಾದದ್ದು ಸಕ್ಕರೆಯನ್ನು ತೆಗೆದುದರಿಂದ. ಸಕ್ಕರೆಯಿಲ್ಲದ ಬರಿಯ ಕಾಫಿಗೂ ಆ ಗುಣವಿದೆ. ತುಪ್ಪ ಸೇರಿಸುವುದು ಇನ್ನೊಂದನ್ನು: ಕೊಬ್ಬು ಜಠರವನ್ನು ನಿಧಾನವಾಗಿ ಬಿಡುತ್ತದೆ, ಆದುದರಿಂದ ಹೊಟ್ಟೆ ತುಂಬಿದಂತೆ ಅನಿಸುತ್ತದೆ. ಅದು ನಿಜವೇ. ಆದರೆ ಹೊಟ್ಟೆ ತುಂಬಿದ ಭಾವನೆಯೂ ಚುರುಕುತನವೂ ಒಂದೇ ಅಲ್ಲ.

ಇದನ್ನು ಯಾರಾದರೂ ಮನೆಯಲ್ಲೇ ಪರೀಕ್ಷಿಸಬಹುದು. ಒಂದು ವಾರ ಎಂದಿನಂತೆ ತುಪ್ಪದ ಕಾಫಿ ಕುಡಿಯಿರಿ. ಮರುವಾರ ಅದೇ ಪುಡಿ, ಅದೇ ಪ್ರಮಾಣ, ಅದೇ ಹೊತ್ತು. ತುಪ್ಪ ಮಾತ್ರ ಬೇಡ. ಪ್ರತಿದಿನ ಹನ್ನೊಂದು ಗಂಟೆಗೆ ಉತ್ಸಾಹಕ್ಕೂ ಹಸಿವಿಗೂ ಬೇರೆ ಬೇರೆಯಾಗಿ ಹತ್ತರಲ್ಲಿ ಎಷ್ಟು ಎಂದು ಗುರುತು ಹಾಕಿಕೊಳ್ಳಿ. ಹೀಗೆ ಮಾಡಿದ ನನ್ನ ರೋಗಿಗಳಲ್ಲಿ ಹೆಚ್ಚಿನವರಿಗೆ ಹಸಿವಿನ ಅಂಕಿ ಬದಲಾಯಿತು, ಉತ್ಸಾಹದ ಅಂಕಿ ಬದಲಾಗಲಿಲ್ಲ.

ಸುಟ್ಟ ಕೊಬ್ಬು ಯಾವುದು?

ಎರಡನೆಯ ಮಾತು ಕೊಬ್ಬು ಕರಗುವುದರ ಬಗ್ಗೆ. ಇಲ್ಲಿ ಎರಡು ಬೇರೆ ವಿಷಯಗಳು ಒಂದಕ್ಕೊಂದು ಬೆರೆತುಹೋಗಿವೆ.

ಬೆಳಿಗ್ಗೆ ಪಿಷ್ಟ ಮತ್ತು ಸಕ್ಕರೆ ತಿನ್ನದೆ ಕೊಬ್ಬನ್ನಷ್ಟೇ ಸೇವಿಸಿದರೆ ಇನ್ಸುಲಿನ್ ಹೆಚ್ಚು ಏರುವುದಿಲ್ಲ, ದೇಹ ಇಂಧನಕ್ಕಾಗಿ ಕೊಬ್ಬನ್ನು ಉಪಯೋಗಿಸುತ್ತದೆ. ಕೆಲವರು ಸೇರಿಸಿಕೊಳ್ಳುವ ಎಂಸಿಟಿ ಎಣ್ಣೆ ನೇರವಾಗಿ ಯಕೃತ್ತಿಗೆ ಹೋಗಿ ಕೀಟೋನುಗಳಾಗಿ ಬದಲಾಗುತ್ತದೆ. ಕೀಟೋನ್ ಅಳೆಯುವ ಪಟ್ಟಿ ಬಣ್ಣ ಬದಲಿಸಿದಾಗ, ‘ನೋಡಿ, ನನ್ನ ಕೊಬ್ಬು ಕರಗುತ್ತಿದೆ’ ಎಂದು ಸಂತೋಷಪಡುತ್ತಾರೆ. ಆದರೆ ಆ ಹೊತ್ತಿನಲ್ಲಿ ಉರಿಯುತ್ತಿರುವುದರಲ್ಲಿ ಹೆಚ್ಚಿನ ಪಾಲು ಈಗತಾನೆ ಲೋಟದಲ್ಲಿದ್ದ ಕೊಬ್ಬು. ಸೊಂಟದ ಸುತ್ತ ಶೇಖರವಾಗಿರುವ ಕೊಬ್ಬು ಹೊರಗೆ ಬರಬೇಕಾದರೆ, ದಿನದ ಕೊನೆಗೆ ತಿಂದದ್ದಕ್ಕಿಂತ ಖರ್ಚಾದದ್ದು ಹೆಚ್ಚಾಗಿರಬೇಕು. ಒಲೆಗೆ ಹೊಸ ಸೌದೆ ತುಂಬುತ್ತಿದ್ದರೆ ಕೊಟ್ಟಿಗೆಯಲ್ಲಿರುವ ಸೌದೆ ಕಡಿಮೆಯಾಗುವುದಿಲ್ಲ.

ಒಂದು ದೊಡ್ಡ ಚಮಚ ತುಪ್ಪದಲ್ಲಿ ಸುಮಾರು 120 ಕ್ಯಾಲೊರಿ. ತೆಂಗಿನೆಣ್ಣೆಯಲ್ಲಿಯೂ, ಎಂಸಿಟಿ ಎಣ್ಣೆಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಎರಡು ಚಮಚ ಕೊಬ್ಬಿನ ಒಂದು ಲೋಟ ಕಾಫಿ ಅಂದರೆ 240 ಕ್ಯಾಲೊರಿ. ಇದನ್ನು ತಿಂಡಿಯ ಬದಲು ಕುಡಿದು, ಉಳಿದ ಊಟ ಮೊದಲಿನಂತೆಯೇ ಇದ್ದರೆ ತೂಕ ಸ್ವಲ್ಪ ಇಳಿಯಬಹುದು. ತಿಂಡಿಯ ಜೊತೆಗೆ ಕುಡಿದರೆ ಏರುತ್ತದೆ. ನಮ್ಮವರಲ್ಲಿ ಸಾಮಾನ್ಯವಾಗಿ ನಡೆಯುವುದು ಮೂರನೆಯದು: ವಾರದ ದಿನಗಳಲ್ಲಿ ತಿಂಡಿಯ ಬದಲು, ಶನಿವಾರ ಭಾನುವಾರಗಳಲ್ಲಿ ಮಸಾಲೆದೋಸೆಯ ಜೊತೆಗೆ. ಮೂರು ತಿಂಗಳ ನಂತರ ತೂಕ ಏಕೆ ಅಲ್ಲೇ ನಿಂತಿತು ಎಂದು ಆಶ್ಚರ್ಯಪಡುತ್ತಾರೆ.

ಯಕೃತ್ತಿನ ಬಾಗಿಲು

ಈಗ ಕೊಲೆಸ್ಟ್ರಾಲ್‌ಗೆ ಬರೋಣ. ತುಪ್ಪದ ಶೇಕಡಾ 60ಕ್ಕೂ ಹೆಚ್ಚು ಭಾಗ ಪರ್ಯಾಪ್ತ ಕೊಬ್ಬು. ಇಲ್ಲಿನ ಡಬ್ಬಿಗಳ ಮೇಲೆ ‘ಸ್ಯಾಚುರೇಟ್ಸ್’ ಎಂದು ಬರೆದಿರುತ್ತಾರಲ್ಲ, ಅದು. ಒಂದು ದೊಡ್ಡ ಚಮಚ ತುಪ್ಪದಲ್ಲಿ ಅದು ಎಂಟು ಗ್ರಾಮಿಗಿಂತ ಹೆಚ್ಚು. ಬ್ರಿಟನ್ನಿನ ಎನ್‌ಎಚ್‌ಎಸ್ ಸಲಹೆಯಂತೆ ಗಂಡಸರು ದಿನಕ್ಕೆ 30 ಗ್ರಾಂ, ಹೆಂಗಸರು 20 ಗ್ರಾಂ ಮೀರಬಾರದು. ಎರಡು ಚಮಚ ತುಪ್ಪದ ಕಾಫಿ ಕುಡಿದ ಗೃಹಿಣಿಯೊಬ್ಬಳು, ಇನ್ನೂ ಒಗ್ಗರಣೆ ಹಾಕುವ ಮೊದಲೇ, ದಿನದ ಮಿತಿಯ ಬಹುಪಾಲನ್ನು ಮುಗಿಸಿರುತ್ತಾಳೆ.

ಕೆಟ್ಟ ಕೊಲೆಸ್ಟ್ರಾಲ್ ಎಂದು ನಾವು ಕರೆಯುವ ಎಲ್‌ಡಿಎಲ್ ಕಣಗಳನ್ನು ರಕ್ತದಿಂದ ತೆಗೆಯುವುದು ಮುಖ್ಯವಾಗಿ ಯಕೃತ್ತು. ಅದರ ಜೀವಕೋಶಗಳ ಮೇಲೆ ಈ ಕಣಗಳನ್ನು ಒಳಗೆ ಎಳೆದುಕೊಳ್ಳುವ ಗ್ರಾಹಕಗಳಿವೆ. ಅವುಗಳನ್ನು ಬಾಗಿಲುಗಳೆಂದುಕೊಳ್ಳಿ. ಪರ್ಯಾಪ್ತ ಕೊಬ್ಬು ಹೆಚ್ಚಾದಾಗ ಯಕೃತ್ತು ಈ ಬಾಗಿಲುಗಳನ್ನು ಕಡಿಮೆ ಮಾಡುತ್ತದೆ. ಒಳಗೆ ಹೋಗಲಾಗದ ಕಣಗಳು ರಕ್ತದಲ್ಲೇ ಹೆಚ್ಚು ದಿನ ಸುತ್ತುತ್ತ, ರಕ್ತನಾಳದ ಗೋಡೆಯೊಳಗೆ ನುಸುಳುತ್ತವೆ. ಇದು ಒಂದು ದಿನದಲ್ಲಿ ಆಗುವ ಹಾನಿಯಲ್ಲ. ಎಲ್‌ಡಿಎಲ್ ಎಷ್ಟು ಹೆಚ್ಚಿದೆ, ಎಷ್ಟು ವರ್ಷ ಹಾಗೆ ಇತ್ತು ಎಂಬ ಎರಡೂ ಸೇರಿ ಹೃದಯಾಘಾತದ ಅಪಾಯವನ್ನು ನಿರ್ಧರಿಸುತ್ತವೆ.

ತುಪ್ಪದ ಪರವಾಗಿ ವಾದಿಸುವವರು ಕೇಳುವ ಒಂದು ನ್ಯಾಯವಾದ ಪ್ರಶ್ನೆಯಿದೆ: ಹಾಲು, ಮೊಸರಿನಲ್ಲಿಯೂ ಇದೇ ಕೊಬ್ಬು ಇದೆಯಲ್ಲ, ಅದನ್ನೇಕೆ ಯಾರೂ ದೂರುವುದಿಲ್ಲ? ಇದಕ್ಕೆ ಉತ್ತರ ಕೊಡುವ ಅಧ್ಯಯನವೊಂದು ಸ್ವೀಡನ್ನಿನ ಉಪ್ಸಾಲಾದಲ್ಲಿ ನಡೆದು 2015ರಲ್ಲಿ ಪ್ರಕಟವಾಯಿತು. ತೂಕ ಹೆಚ್ಚಿದ್ದ 57 ಜನರನ್ನು ಎರಡು ಗುಂಪು ಮಾಡಿ, ಎಂಟು ವಾರ ಇಬ್ಬರಿಗೂ ದಿನಕ್ಕೆ 40 ಗ್ರಾಂ ಹಾಲಿನ ಕೊಬ್ಬನ್ನೇ ಕೊಟ್ಟರು. ಒಂದು ಗುಂಪಿಗೆ ಅದು ಕೆನೆಯ ರೂಪದಲ್ಲಿ. ಇನ್ನೊಂದಕ್ಕೆ ಬೆಣ್ಣೆಯನ್ನು ಕಾಯಿಸಿ ಶುದ್ಧಗೊಳಿಸಿದ ಎಣ್ಣೆಯ ರೂಪದಲ್ಲಿ, ಅಂದರೆ ಹೆಚ್ಚುಕಡಿಮೆ ನಮ್ಮ ತುಪ್ಪವೇ. ಕೆನೆ ತಿಂದವರ ಎಲ್‌ಡಿಎಲ್ ಅಷ್ಟಾಗಿ ಬದಲಾಗಲಿಲ್ಲ. ತುಪ್ಪದಂಥ ಎಣ್ಣೆ ತಿಂದವರದು ಏರಿತು.

ಕೊಬ್ಬು ಒಂದೇ, ಪರಿಣಾಮ ಬೇರೆ. ಹಾಲಿನಲ್ಲಿ ಕೊಬ್ಬಿನ ಪ್ರತಿಯೊಂದು ಹನಿಯನ್ನೂ ತೆಳುವಾದ ಪೊರೆಯೊಂದು ಸುತ್ತಿಕೊಂಡಿರುತ್ತದೆ. ಕೆನೆಯಲ್ಲಿ ಆ ಪೊರೆ ಉಳಿದಿರುತ್ತದೆ. ಮಜ್ಜಿಗೆ ಕಡೆಯುವಾಗ ಪೊರೆ ಒಡೆದು ಬಹುಪಾಲು ಮಜ್ಜಿಗೆಗೆ ಸೇರುತ್ತದೆ, ಬೆಣ್ಣೆ ಮೇಲೆ ತೇಲುತ್ತದೆ. ಬೆಣ್ಣೆ ಕಾಯಿಸಿದಾಗ ಉಳಿದ ಅಲ್ಪಸ್ವಲ್ಪವೂ ಹೋಗುತ್ತದೆ. ತುಪ್ಪವನ್ನು ಬ್ಲೆಂಡರಿನಲ್ಲಿ ಎಷ್ಟೇ ನೊರೆ ಬರುವಂತೆ ತಿರುಗಿಸಿದರೂ ಕಾಫಿ ಹಾಲಿನಂತೆ ಕಾಣಬಹುದೇ ಹೊರತು ಆ ಪೊರೆ ಮರಳಿ ಬರುವುದಿಲ್ಲ. ಈ ದೃಷ್ಟಿಯಿಂದ ನೋಡಿದರೆ ನಮ್ಮ ಹಾಲು ಹಾಕಿದ ಹಳೆಯ ಕಾಫಿಯೇ ಎಲ್‌ಡಿಎಲ್‌ಗೆ ಹೆಚ್ಚು ಸೌಮ್ಯ.

ಬೆಣ್ಣೆಯ ಬದಲು ತೆಂಗಿನೆಣ್ಣೆ ಹಾಕಿದರೆ ಹೇಗೆ ಎಂದು ಕರಾವಳಿಯ ಮಿತ್ರರು ಕೇಳುತ್ತಾರೆ. ಕೇಂಬ್ರಿಜ್‌ನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತೊಂಬತ್ತಕ್ಕೂ ಹೆಚ್ಚು ಜನ ನಾಲ್ಕು ವಾರ ದಿನಕ್ಕೆ 50 ಗ್ರಾಂನಂತೆ ಬೆಣ್ಣೆ, ತೆಂಗಿನೆಣ್ಣೆ ಅಥವಾ ಆಲಿವ್ ಎಣ್ಣೆ ಸೇವಿಸಿದರು. ಆಲಿವ್ ಎಣ್ಣೆಯವರಿಗೆ ಹೋಲಿಸಿದರೆ ಬೆಣ್ಣೆಯವರ ಎಲ್‌ಡಿಎಲ್ 0.38 ಎಂಎಂಒಎಲ್, ಊರಿನ ಲೆಕ್ಕದಲ್ಲಿ ಸುಮಾರು 15 ಎಂಜಿ, ಹೆಚ್ಚಾಯಿತು. ತೆಂಗಿನೆಣ್ಣೆ ಆ ಪ್ರಯೋಗದಲ್ಲಿ ಬೆಣ್ಣೆಗಿಂತ ಉತ್ತಮವಾಗಿ ಕಂಡಿತು. ಆದರೆ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಕಡಲೆಕಾಯಿ, ಸೂರ್ಯಕಾಂತಿಯಂಥ ಎಣ್ಣೆಗಳಿಗೆ ಹೋಲಿಸಿದಾಗ ತೆಂಗಿನೆಣ್ಣೆ ಎಲ್‌ಡಿಎಲ್ ಏರಿಸುವುದು ಸ್ಪಷ್ಟವಾಗಿತ್ತು. ಅಂಗಡಿಯಲ್ಲಿ ಮಾರುವ ಶುದ್ಧ ಎಂಸಿಟಿ ಎಣ್ಣೆ ಇದಕ್ಕಿಂತ ಬೇರೆ ವಸ್ತು. ಅದು ಎಲ್‌ಡಿಎಲ್ ಅನ್ನು ಅಷ್ಟಾಗಿ ಏರಿಸುವುದಿಲ್ಲ. ಇವೆರಡೂ ಒಂದೇ ಎಂದು ತಿಳಿದು ತೆಂಗಿನೆಣ್ಣೆ ಸುರಿದುಕೊಳ್ಳುವವರು ಬಹಳ.

ಕಾಫಿಯೂ ನಿರಪರಾಧಿಯಲ್ಲ

ಈ ಚರ್ಚೆಯಲ್ಲಿ ಎಲ್ಲರ ಕಣ್ಣೂ ತುಪ್ಪದ ಮೇಲಿರುತ್ತದೆ. ಕಾಫಿ ಬೀಜದಲ್ಲಿಯೂ ಎಣ್ಣೆಯಿದೆ, ಅದರಲ್ಲಿ ಕ್ಯಾಫೆಸ್ಟಾಲ್ ಎಂಬ ವಸ್ತುವಿದೆ ಎಂಬುದು ಅಷ್ಟು ಪ್ರಚಾರ ಪಡೆದಿಲ್ಲ. 1983ರಲ್ಲಿ ನಾರ್ವೆಯ ಟ್ರೊಮ್ಸೊ ಪಟ್ಟಣದ ಅಧ್ಯಯನವೊಂದು, ಹೆಚ್ಚು ಕಾಫಿ ಕುಡಿಯುವವರ ಕೊಲೆಸ್ಟ್ರಾಲ್ ಹೆಚ್ಚಿರುವುದನ್ನು ತೋರಿಸಿತು. ಅಲ್ಲಿಯವರು ಪುಡಿಯನ್ನು ನೀರಿನಲ್ಲಿ ಕುದಿಸಿ, ಸೋಸದೆ ಕುಡಿಯುತ್ತಿದ್ದರು. ಕೆಲವು ವರ್ಷಗಳ ನಂತರ ಡಚ್ ವಿಜ್ಞಾನಿಗಳು ಇದರ ಕಾರಣ ಕ್ಯಾಫೆಸ್ಟಾಲ್ ಎಂದು ಪತ್ತೆಹಚ್ಚಿದರು. ಕಾಗದದ ಫಿಲ್ಟರಿನಲ್ಲಿ ಸೋಸಿದರೆ ಅದು ಬಹುಮಟ್ಟಿಗೆ ಕಾಗದದಲ್ಲೇ ಉಳಿಯುತ್ತದೆ. ಇನ್‌ಸ್ಟಂಟ್ ಕಾಫಿಯಲ್ಲಿಯೂ ಅದು ಅತ್ಯಲ್ಪ.

ಬೆಣ್ಣೆ ಕಾಫಿ ಮಾಡುವವರು ಇಲ್ಲಿ ಹೆಚ್ಚಾಗಿ ಬಳಸುವುದು ಒತ್ತುವ ಜಾಲರಿಯ ಗಾಜಿನ ಪಾತ್ರೆಯನ್ನು. ಆ ಜಾಲರಿ ಪುಡಿಯನ್ನು ಹಿಡಿಯುತ್ತದೆ, ಎಣ್ಣೆಯನ್ನಲ್ಲ. ದೊಡ್ಡ ಮಗ್ಗಿನಲ್ಲಿ ದಿನಕ್ಕೆ ಎರಡು ಮೂರು ಬಾರಿ ಕುಡಿದಾಗ ತುಪ್ಪದ ಪರಿಣಾಮಕ್ಕೆ ಇದೂ ಸೇರಿಕೊಳ್ಳುತ್ತದೆ. ನಮ್ಮ ಸ್ಟೀಲ್ ಫಿಲ್ಟರಿನ ರಂಧ್ರಗಳೂ ಕಾಗದದಂತೆ ಎಣ್ಣೆಯನ್ನು ಹಿಡಿಯಲಾರವು. ಆದರೆ ನಾವು ಒಂದಿಷ್ಟು ಡಿಕಾಕ್ಷನ್‌ಗೆ ಹಾಲು ಬೆರೆಸಿ ಸಣ್ಣ ಲೋಟದಲ್ಲಿ ಕುಡಿಯುವುದರಿಂದ ಪ್ರಮಾಣ ಮಿತಿಯಲ್ಲಿರುತ್ತದೆ.

ಒಬ್ಬ ತರುಣನ ಲೆಕ್ಕ

ಇವೆಲ್ಲ ಒಬ್ಬ ವ್ಯಕ್ತಿಯಲ್ಲಿ ಹೇಗೆ ಸೇರುತ್ತವೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಮಧ್ಯ ಕರ್ನಾಟಕದಿಂದ ಬಂದು ಇಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ 38 ವರ್ಷದ ತರುಣ. ಊರಿನಲ್ಲಿರುವ ತಂದೆಗೆ 52ನೇ ವಯಸ್ಸಿನಲ್ಲಿ ಹೃದಯಾಘಾತವಾಗಿತ್ತು. ವರ್ಷದ ಹಿಂದೆ ಇವರ ಎಲ್‌ಡಿಎಲ್ 3.1 ಇತ್ತು. ಕಂಪನಿಯ ವಾರ್ಷಿಕ ತಪಾಸಣೆಯಲ್ಲಿ ಅದು 5.0 ಎಂದು ಬಂದು, ಅವರ ಜಿಪಿ ನಮ್ಮಲ್ಲಿಗೆ ಕಳುಹಿಸಿದ್ದರು.

ಇಲ್ಲಿನ ಅಂಕಿಗಳು ಊರಿನವರಿಗೆ ಚಿಕ್ಕವಾಗಿ ಕಾಣುತ್ತವೆ. ಬ್ರಿಟನ್ನಿನಲ್ಲಿ ಕೊಲೆಸ್ಟ್ರಾಲ್ ಅಳೆಯುವುದು ಎಂಎಂಒಎಲ್‌ನಲ್ಲಿ, ಭಾರತದಲ್ಲಿ ಎಂಜಿಯಲ್ಲಿ. ಇಲ್ಲಿನ ಅಂಕಿಯನ್ನು ಸುಮಾರು 39ರಿಂದ ಗುಣಿಸಿದರೆ ಊರಿನ ಅಂಕಿ ಸಿಗುತ್ತದೆ. ಅಂದರೆ ಇವರ ಎಲ್‌ಡಿಎಲ್ 120ರಿಂದ 193ಕ್ಕೆ ಏರಿತ್ತು.

ಅದೇ ಅವಧಿಯಲ್ಲಿ ಅವರ ತೂಕ ನಾಲ್ಕು ಕಿಲೋ ಇಳಿದಿತ್ತು. ಟ್ರೈಗ್ಲಿಸರೈಡ್ 1.7ರಿಂದ 1.1ಕ್ಕೆ ಇಳಿದಿತ್ತು. ‘ಸರ್, ಬೆಲ್ಟಿನ ತೂತು ಒಂದು ಒಳಗೆ ಹೋಗಿದೆ. ಆರೋಗ್ಯ ಕೆಟ್ಟಿದೆ ಅಂದರೆ ಹೇಗೆ ನಂಬಲಿ?’ ಎಂದು ಅವರು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು. ಒಳ್ಳೆಯ ಬದಲಾವಣೆಯೂ ಕೆಟ್ಟ ಬದಲಾವಣೆಯೂ ಒಬ್ಬರಲ್ಲೇ ಒಟ್ಟಿಗೆ ಆಗಬಹುದು. ಎರಡನ್ನೂ ಬಿಡಿಸಿ ನೋಡಬೇಕು.

ಏಳು ತಿಂಗಳಿಂದ ಅವರು ಬೆಳಿಗ್ಗೆ ಎಂಟಕ್ಕೊಂದು, ಹನ್ನೊಂದಕ್ಕೊಂದು ಮಗ್ ಕಾಫಿ ಕುಡಿಯುತ್ತಿದ್ದರು. ಪ್ರತಿ ಮಗ್ಗಿಗೆ ಒಂದು ದೊಡ್ಡ ಚಮಚ ತುಪ್ಪ, ಒಂದು ದೊಡ್ಡ ಚಮಚ ತೆಂಗಿನೆಣ್ಣೆ. ಸೋಸುವುದು ಒತ್ತುವ ಜಾಲರಿಯಲ್ಲಿ. ತಿಂಡಿ ಬಿಟ್ಟಿದ್ದರು. ಅನ್ನ ಕಡಿಮೆ ಮಾಡಿದ್ದರು. ಸಂಜೆಯ ಬಿಸ್ಕತ್ತು, ಚಿಪ್ಸ್, ವಾರಾಂತ್ಯದ ಬಿಯರ್ ಎಲ್ಲವನ್ನೂ ನಿಲ್ಲಿಸಿದ್ದರು.

ಎರಡು ಮಗ್ಗಿನ ಕೊಬ್ಬಿನಿಂದ ಸುಮಾರು 480 ಕ್ಯಾಲೊರಿ. ಅವರು ಬಿಟ್ಟ ಬ್ರೆಡ್, ಜಾಮ್, ಸೀರಿಯಲ್, ಹಾಲು ಎಲ್ಲ ಸೇರಿದರೂ ಹತ್ತಿರ ಹತ್ತಿರ ಅಷ್ಟೇ. ಹಾಗಾದರೆ ಕಾಫಿಯಿಂದ ಉಳಿತಾಯವಾಗಿಲ್ಲ. ನಾಲ್ಕು ಕಿಲೋ ಇಳಿಸಿದ್ದು ಬಿಸ್ಕತ್ತು, ಚಿಪ್ಸ್, ಬಿಯರ್ ಮತ್ತು ಒಂದು ಹಿಡಿ ಅನ್ನ. ಟ್ರೈಗ್ಲಿಸರೈಡ್ ಇಳಿದುದಕ್ಕೂ ಅದೇ ಕಾರಣ. ಪಿಷ್ಟ, ಸಕ್ಕರೆ, ಮದ್ಯ ಕಡಿಮೆಯಾದರೆ ಅದು ಇಳಿಯುತ್ತದೆ.

ಎಲ್‌ಡಿಎಲ್ ಲೆಕ್ಕ ಹೀಗಿದೆ. ಎರಡು ಚಮಚ ತುಪ್ಪದಿಂದ ಸುಮಾರು 17 ಗ್ರಾಂ, ಎರಡು ಚಮಚ ತೆಂಗಿನೆಣ್ಣೆಯಿಂದ ಸುಮಾರು 23 ಗ್ರಾಂ, ಒಟ್ಟು 40 ಗ್ರಾಂ ಪರ್ಯಾಪ್ತ ಕೊಬ್ಬು. ಊಟಕ್ಕೆ ಕೂರುವ ಮೊದಲೇ ದಿನದ ಮಿತಿಗಿಂತ ಹೆಚ್ಚು. ಹಲವು ಪ್ರಯೋಗಗಳ ಸರಾಸರಿಯಂತೆ, ಪಿಷ್ಟದ ಜಾಗದಲ್ಲಿ ಇಷ್ಟು ಪರ್ಯಾಪ್ತ ಕೊಬ್ಬು ಬಂದರೆ ಎಲ್‌ಡಿಎಲ್ ಸುಮಾರು 0.6ರಷ್ಟು ಏರಬೇಕು. ಇವರದು 1.9 ಏರಿದೆ. ಉಳಿದದ್ದಕ್ಕೆ ಸೋಸದ ಕಾಫಿಯ ಕ್ಯಾಫೆಸ್ಟಾಲ್ ಒಂದು ಕಾರಣ. ತಿಂಡಿ, ಬೇಳೆ, ಹಣ್ಣುಗಳ ಜೊತೆಗೆ ಹೋದ ನಾರಿನಂಶ ಇನ್ನೊಂದು. ಮೂರನೆಯದು ವ್ಯಕ್ತಿಯ ಪ್ರಕೃತಿ. ಕೆಲವರ ಯಕೃತ್ತು ಈ ರೀತಿಯ ಆಹಾರಕ್ಕೆ ಸರಾಸರಿಯ ಹಲವು ಪಟ್ಟು ಪ್ರತಿಕ್ರಿಯಿಸುತ್ತದೆ, ಅದರಲ್ಲಿಯೂ ಪಿಷ್ಟ ಬಹಳ ಕಡಿಮೆ ಮಾಡಿದ ತೆಳ್ಳಗಿನವರಲ್ಲಿ. ಗೆಳೆಯನೊಬ್ಬನಿಗೆ ಏನೂ ಆಗಲಿಲ್ಲ ಎಂಬುದು ನಿಮಗೆ ಭರವಸೆಯಾಗಲಾರದು ಎಂಬುದಕ್ಕೆ ಕಾರಣ ಇದೇ.

ಈ ಪ್ರಕರಣದಲ್ಲಿ ಇನ್ನೊಂದು ಗಂಭೀರ ಅಂಶವಿತ್ತು. ಬ್ರಿಟನ್ನಿನಲ್ಲಿ ವಯಸ್ಕರ ಎಲ್‌ಡಿಎಲ್ 4.9 ಮೀರಿದ್ದು, ತಂದೆ ಅಥವಾ ತಾಯಿಗೆ 60ಕ್ಕೆ ಮೊದಲು ಹೃದಯಾಘಾತವಾಗಿದ್ದರೆ, ವಂಶವಾಹಿಯಿಂದ ಬರುವ ಅಧಿಕ ಕೊಲೆಸ್ಟ್ರಾಲ್ ಕಾಯಿಲೆ ಇರಬಹುದೆಂದು ಶಂಕಿಸುತ್ತೇವೆ. ಹಾಗಾದರೆ ವಂಶವಾಹಿ ಪರೀಕ್ಷೆ, ದೀರ್ಘಕಾಲದ ಔಷಧ, ಮಕ್ಕಳಿಗೂ ಒಡಹುಟ್ಟಿದವರಿಗೂ ತಪಾಸಣೆ ಎಲ್ಲ ಬರುತ್ತದೆ. ಕಾಗದದ ಮೇಲೆ ಇವರು ಆ ವರ್ಗಕ್ಕೆ ಸೇರುತ್ತಿದ್ದರು. ಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆಗಳು ಸರಿಯಾಗಿದ್ದವು. ಹಳೆಯ ವರದಿಯಲ್ಲಿ 3.1 ಇದ್ದದ್ದು ದಾರಿ ತೋರಿಸಿತು. ಹುಟ್ಟಿನಿಂದ ಬಂದ ಕಾಯಿಲೆಯಾಗಿದ್ದರೆ ಆಗಲೂ ಹೆಚ್ಚಿರಬೇಕಾಗಿತ್ತು.

ಔಷಧ ಆರಂಭಿಸುವ ಮೊದಲು ಎಂಟು ವಾರದ ಅವಧಿ ಇಟ್ಟುಕೊಂಡೆವು. ಎಲ್‌ಡಿಎಲ್ ಹೊಸ ಮಟ್ಟಕ್ಕೆ ಬಂದು ನಿಲ್ಲಲು ನಾಲ್ಕರಿಂದ ಆರು ವಾರ ಬೇಕಾಗುವುದರಿಂದ ಅದಕ್ಕಿಂತ ಮೊದಲು ಪರೀಕ್ಷಿಸಿ ಪ್ರಯೋಜನವಿಲ್ಲ. ಕಾಫಿ ಬಿಡಿ ಎಂದು ನಾನು ಹೇಳಲಿಲ್ಲ. ಕಾಗದದ ಫಿಲ್ಟರಿನಲ್ಲಿ ಸೋಸಿ, ಬೇಕಿದ್ದರೆ ಹಾಲು ಬೆರೆಸಿ ಕುಡಿಯಲು ಹೇಳಿದೆ. ತಿಂಡಿಗೆ ಇಡ್ಲಿ ಸಾಂಬಾರು ಅಥವಾ ಓಟ್ಸ್. ಸಾಂಬಾರಿನಲ್ಲಿ ಬೇಳೆ ಧಾರಾಳವಾಗಿರಲಿ. ಬಿಸ್ಕತ್ತು, ಚಿಪ್ಸ್, ಬಿಯರ್ ಮಾತ್ರ ಮರಳಿ ಬರಬಾರದು. ಎಂಟು ವಾರದ ನಂತರ ಎಲ್‌ಡಿಎಲ್ 3.3. ತೂಕ ಏರಿರಲಿಲ್ಲ. ವಂಶವಾಹಿ ಪರೀಕ್ಷೆಯ ಅಗತ್ಯ ಬೀಳಲಿಲ್ಲ. ತಂದೆಯ ಇತಿಹಾಸದಿಂದಾಗಿ ವರ್ಷಕ್ಕೊಮ್ಮೆ ಪರೀಕ್ಷೆ ಮುಂದುವರಿಯುತ್ತದೆ. ಒಂದು ವೇಳೆ ಅದು ಇಳಿಯದೆ ನಾಲ್ಕೂವರೆ, ಐದರಲ್ಲೇ ನಿಂತಿದ್ದರೆ, ತುಪ್ಪದ ಮೇಲೆ ದೂರು ಹೊರಿಸಿ ಸುಮ್ಮನಾಗುವುದು ಅಪಾಯವಾಗುತ್ತಿತ್ತು. ಆಗ ವಂಶದ ತಪಾಸಣೆ ಆಗಲೇಬೇಕು.

ನಮಗೇಕೆ ಹೆಚ್ಚು ಎಚ್ಚರ?

ಐವತ್ತೆರಡು ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾದ ವಯಸ್ಸಿನ ಮಧ್ಯಾಂಕ 53. ಉಳಿದವರದು ಸುಮಾರು 59. ಬ್ರಿಟನ್ನಿನ ವೈದ್ಯರು ಹೃದಯದ ಅಪಾಯ ಲೆಕ್ಕಹಾಕಲು ಬಳಸುವ ಕ್ಯೂರಿಸ್ಕ್ ಎಂಬ ಸೂತ್ರದಲ್ಲಿ ಭಾರತೀಯ ಮೂಲ ಎಂಬುದಕ್ಕೇ ಪ್ರತ್ಯೇಕ ಸ್ಥಾನವಿದೆ. ಇಲ್ಲಿ 40 ತುಂಬಿದವರನ್ನು ಐದು ವರ್ಷಕ್ಕೊಮ್ಮೆ ಉಚಿತ ತಪಾಸಣೆಗೆ ಕರೆಯುತ್ತಾರೆ. ಆದರೆ ಉದ್ಯೋಗಕ್ಕಾಗಿ ಬರುವ ನಮ್ಮ ಹೆಚ್ಚಿನ ಯುವಕ ಯುವತಿಯರು ಮೂವತ್ತರ ಆಸುಪಾಸಿನವರು. ಅವರನ್ನು ಯಾರೂ ಕರೆಯುವುದಿಲ್ಲ. ಹಾಗಾಗಿ ಇಲ್ಲಿಗೆ ಬರಲು ಸಿದ್ಧರಾಗುತ್ತಿರುವವರಿಗೆ ನನ್ನದೊಂದು ಸಲಹೆ: ಊರಿನಲ್ಲಿ ಒಮ್ಮೆ ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ, ಆ ವರದಿಯನ್ನು ಫೋನಿನಲ್ಲಿ ಉಳಿಸಿಕೊಂಡು ಬನ್ನಿ. ಮೇಲಿನ ತರುಣನಿಗೆ ನೆರವಾದದ್ದು ಅಂಥದ್ದೇ ಒಂದು ಹಳೆಯ ವರದಿ.

ಪರೀಕ್ಷೆಯ ದಿನ ಒಂದು ಎಚ್ಚರಿಕೆ. ‘ಏನೂ ತಿಂದಿಲ್ಲ, ಕಾಫಿ ಮಾತ್ರ’ ಎಂದು ಹೇಳಿ ರಕ್ತ ಕೊಡುವವರ ಕಾಫಿಯಲ್ಲಿ ಎರಡು ಚಮಚ ತುಪ್ಪವಿದ್ದರೆ ಅದು ಉಪವಾಸವಲ್ಲ. ಟ್ರೈಗ್ಲಿಸರೈಡ್ ಏರಿ ಲೆಕ್ಕ ತಪ್ಪುತ್ತದೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಯಾವುದೇ ಕಾಫಿ ಕುಡಿಯಬೇಕು. ಇಲ್ಲದಿದ್ದರೆ ಮಾತ್ರೆ ಸರಿಯಾಗಿ ಹೀರಿಕೆಯಾಗುವುದಿಲ್ಲ.

ಹಾಗಾದರೆ ಯಾರು ಕುಡಿಯಬಾರದು? ಹೃದಯಾಘಾತವಾಗಿರುವವರು, ಸ್ಟೆಂಟ್ ಹಾಕಿಸಿಕೊಂಡವರು, ಕೊಲೆಸ್ಟ್ರಾಲ್ ಮಾತ್ರೆ ತೆಗೆದುಕೊಳ್ಳುತ್ತಿರುವವರು, ಪಿತ್ತಕೋಶದ ಕಲ್ಲಿನಿಂದ ನೋವು ಅನುಭವಿಸುವವರು, ಟ್ರೈಗ್ಲಿಸರೈಡ್ ತೀರ ಹೆಚ್ಚಿರುವವರು ಇದರಿಂದ ದೂರವಿರಬೇಕು. ಮಗ ವಿದೇಶದಿಂದ ವಿಡಿಯೊ ಕಳುಹಿಸಿದನೆಂದು ಊರಿನಲ್ಲಿ ತಂದೆ ತಾಯಿ ಆರಂಭಿಸುವುದೂ, ಮಾತ್ರೆ ಬಿಟ್ಟು ಇದನ್ನು ನಂಬುವುದೂ ನಡೆದಿದೆ. ಅದು ಅತ್ಯಂತ ಅಪಾಯಕಾರಿ. ಉಳಿದವರಿಗೆ ರುಚಿ ಬಿಡಲಾಗದಿದ್ದರೆ ಒಂದು ಸಣ್ಣ ಚಮಚ, ಅಂದರೆ 5 ಗ್ರಾಂ ತುಪ್ಪ ಸಾಕು. ಅದರಲ್ಲಿ ಸುಮಾರು ಮೂರು ಗ್ರಾಂ ಪರ್ಯಾಪ್ತ ಕೊಬ್ಬು, 45 ಕ್ಯಾಲೊರಿ. ಕಾಗದದಲ್ಲಿ ಸೋಸಿದ ಕಾಫಿಗೆ ಅದನ್ನು ಸೇರಿಸಿ, ಅಂದಿನ ಅನ್ನದ ಮೇಲಿನ ತುಪ್ಪವನ್ನು ಬಿಟ್ಟರೆ ಲೆಕ್ಕ ಸರಿಹೋಗುತ್ತದೆ.

ಅದಕ್ಕಿಂತ ಹೆಚ್ಚು ಕುಡಿಯಲೇಬೇಕೆನ್ನುವವರು ಆರಂಭಿಸುವ ಮೊದಲು ಒಂದು, ಎಂಟು ವಾರದ ನಂತರ ಇನ್ನೊಂದು ರಕ್ತಪರೀಕ್ಷೆ ಮಾಡಿಸಲಿ. ಎಲ್‌ಡಿಎಲ್ 0.5ಕ್ಕಿಂತ ಹೆಚ್ಚು, ಅಂದರೆ ಊರಿನ ಲೆಕ್ಕದಲ್ಲಿ 20ರಷ್ಟು ಏರಿದ್ದರೆ ನಿಲ್ಲಿಸಿ, ಮತ್ತೆ ಎಂಟು ವಾರಕ್ಕೆ ಪರೀಕ್ಷಿಸಲಿ. ಎಲ್‌ಡಿಎಲ್ ಏರಿದಾಗ ನೋವಿಲ್ಲ, ಆಯಾಸವಿಲ್ಲ, ಬೆಲ್ಟು ಬಿಗಿಯಾಗುವುದೂ ಇಲ್ಲ. ಅದನ್ನು ತಿಳಿಯಲು ರಕ್ತಪರೀಕ್ಷೆಯ ಹೊರತು ಬೇರೆ ದಾರಿಯಿಲ್ಲ.